ಕುಡಿತ ಮತ್ತು ನಮ್ಮ ಯಕೃತ್ತು



ಮಟನ್ ಅಂಗಡಿಯಲ್ಲಿ ನೀವು ಕಲೇಜಿ ನೋಡಿರುತ್ತೀರಿ. ನುಣುಪಾದ, ಕಡುಗೆಂಪು ಬಣ್ಣದ, ಬೆರಳಿನಿಂದ ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಿನ ವಸ್ತು ಅದು. ನಮ್ಮ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಇರುವುದೂ ಅಂಥದೇ. ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಯಕೃತ್ತು ಅನ್ನುತ್ತಾರೆ, ದವಾಖಾನೆಯಲ್ಲಿ ಲಿವರ್ ಅನ್ನುತ್ತಾರೆ. ಈ ಮೆತ್ತಗಿನ ಅಂಗ ಕುಡಿತದಿಂದ ಹೇಗೆ ಕೊಬ್ಬಿಕೊಳ್ಳುತ್ತದೆ, ಹೇಗೆ ಉರಿದುಕೊಳ್ಳುತ್ತದೆ, ಕೊನೆಗೆ ಹೇಗೆ ಕಲ್ಲಿನಂತೆ ಗಟ್ಟಿಯಾಗುತ್ತದೆ ಎಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ನನ್ನ ಒಬ್ಬ ರೋಗಿಯ ಕಥೆಯ ಮೂಲಕವೇ ಹೇಳುತ್ತೇನೆ. ಅವರ ಹೆಸರು ಬೇಡ. ಸೊಲ್ಲಾಪುರದ ಪವರ್‌ಲೂಮ್ ಕಾರಖಾನೆಯಲ್ಲಿ ಟವೆಲ್ ನೇಯುತ್ತಿದ್ದವರು, ಮನೆಮಾತು ನಮ್ಮ ನಿಮ್ಮಂತೆ ಕನ್ನಡ. ನೇಕಾರಣ್ಣ ಎಂದು ಕರೆಯೋಣ.

ನೇಕಾರಣ್ಣ ಕುಡಿಯಲು ಆರಂಭಿಸಿದ್ದು ಇಪ್ಪತ್ತೆಂಟನೆಯ ವಯಸ್ಸಿನಲ್ಲಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೆ ಕಿವಿಯಲ್ಲಿ ಮಗ್ಗದ ಸಪ್ಪಳ ನಿಲ್ಲುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ ಒಂದು ಕ್ವಾರ್ಟರ್. ಅವರು ಎಂದೂ ಬೀದಿಯಲ್ಲಿ ಬಿದ್ದವರಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ, ಕೆಲಸ ತಪ್ಪಿಸಿದವರಲ್ಲ. ಪಗಾರ ತಪ್ಪದೆ ಮನೆಗೆ ಬರುತ್ತಿತ್ತು. ಆದ್ದರಿಂದ ಯಾರೂ ಅವರನ್ನು ಕುಡುಕ ಎನ್ನಲಿಲ್ಲ. ಅವರೂ ತಮ್ಮನ್ನು ಹಾಗೆ ಎಣಿಸಲಿಲ್ಲ. ಆದರೆ ಯಕೃತ್ತು ನಡತೆಯನ್ನು ನೋಡುವುದಿಲ್ಲ, ಅದಕ್ಕೆ ಗೊತ್ತಿರುವುದು ಲೆಕ್ಕವೊಂದೇ.

ಆ ಲೆಕ್ಕವನ್ನು ನೀವೂ ಮಾಡಿ ನೋಡಬಹುದು. ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ಬಾಟಲಿಯ ಚೀಟಿಯ ಮೇಲೆ ಶೇಕಡಾ 42.8 ಎಂದು ಬರೆದಿರುತ್ತದೆ. ಅಂದರೆ ಅದರಲ್ಲಿ ಶುದ್ಧ ಮದ್ಯಸಾರ 77 ಮಿಲಿಲೀಟರ್. ಮದ್ಯಸಾರ ನೀರಿಗಿಂತ ಹಗುರ, ಆದ್ದರಿಂದ ತೂಕದಲ್ಲಿ ಇದು ಸುಮಾರು 60 ಗ್ರಾಂ ಆಗುತ್ತದೆ. "ನಾನು ಬರೇ ಬೀರ್ ಕುಡಿಯುತ್ತೇನೆ" ಎನ್ನುವವರಿಗೂ ಒಂದು ಮಾತು. ಶೇಕಡಾ 8ರ ಸ್ಟ್ರಾಂಗ್ ಬೀರಿನ 650 ಮಿಲಿಲೀಟರ್ ಬಾಟಲಿಯಲ್ಲಿ 40 ಗ್ರಾಂ ಮದ್ಯಸಾರ ಇರುತ್ತದೆ. ಒಂದೂವರೆ ಬಾಟಲಿ ಕುಡಿದರೆ ಒಂದು ಕ್ವಾರ್ಟರ್ ಕುಡಿದಂತೆಯೇ. ಯಕೃತ್ತಿಗೆ ಬಾಟಲಿಯ ಬಣ್ಣ, ಬೆಲೆ, ಹೆಸರು ಯಾವುದೂ ತಿಳಿಯದು.

ಕುಡಿದ ಮದ್ಯಸಾರದಲ್ಲಿ ಬಹುಪಾಲನ್ನು ಕರಗಿಸುವ ಕೆಲಸ ಯಕೃತ್ತಿನದು. ಗಂಟೆಗೆ ಅದು ಸುಮಾರು 7-8 ಗ್ರಾಂ ಕರಗಿಸಬಲ್ಲದು. ನಿಂಬೆಹಣ್ಣಿನ ರಸ, ಕಡಕ್ ಚಹಾ, ತಣ್ಣೀರ ಸ್ನಾನ ಇವು ಯಾವುವೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಹಾಗಾದರೆ ಒಂದು ಕ್ವಾರ್ಟರಿಗೆ ಎಂಟು ಗಂಟೆ ಬೇಕು. ನೇಕಾರಣ್ಣ ಮಗ್ಗದ ಪಾಳಿ ಮುಗಿಸಿ ಮಲಗಿದಾಗ ಅವರ ಯಕೃತ್ತಿನ ಪಾಳಿ ಶುರುವಾಗುತ್ತಿತ್ತು. ದಿನವೂ ಎಂಟು ಗಂಟೆ, ವಾರಕ್ಕೆ ಏಳು ದಿನ, ರಜೆಯಿಲ್ಲ.

ಈ ಪಾಳಿಯಲ್ಲಿ ಎರಡು ಕೇಡುಗಳಾಗುತ್ತವೆ. ಮದ್ಯಸಾರವು ಯಕೃತ್ತಿನ ಕಣಗಳಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಮಾರ್ಪಡುತ್ತದೆ. ಅದು ಕಣಗಳನ್ನು ನೇರವಾಗಿ ಸುಡುತ್ತದೆ. ಇದು ಒಂದನೆಯ ಕೇಡು. ಎರಡನೆಯದು, ಮದ್ಯಸಾರವನ್ನು ಕರಗಿಸುವ ಗಡಿಬಿಡಿಯಲ್ಲಿ ಯಕೃತ್ತು ತನ್ನ ದಿನನಿತ್ಯದ ಕೆಲಸವಾದ ಕೊಬ್ಬನ್ನು ಉರಿಸುವುದನ್ನು ಬದಿಗಿಡುತ್ತದೆ. ಉರಿಯದ ಕೊಬ್ಬು ಹನಿಹನಿಯಾಗಿ ಕಣಗಳಲ್ಲೇ ಕೂಡಿಕೊಳ್ಳುತ್ತದೆ. ಇದೇ ಕೊಬ್ಬಿನ ಯಕೃತ್ತು, ಅಂದರೆ ಫ್ಯಾಟಿ ಲಿವರ್. ತುಪ್ಪ ತಿನ್ನದವನಿಗೂ, ತೆಳ್ಳಗಿರುವವನಿಗೂ ಇದು ಬರುತ್ತದೆ. ದಿನಾ ಈ ಪ್ರಮಾಣದಲ್ಲಿ ಕುಡಿಯುವವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಜನರಿಗೆ ಬರುತ್ತದೆ. ಬರಲು ವರ್ಷಗಳೇನೂ ಬೇಡ, ಕೆಲವು ವಾರಗಳು ಸಾಕು.

ನೇಕಾರಣ್ಣನಿಗೆ ಮೂವತ್ತಾರು ವರ್ಷವಾದಾಗ ಮೂತ್ರಕಲ್ಲಿನ ನೋವು ಬಂತು. ಆಗಲೇ ಅವರು ನನ್ನ ಬಳಿ ಮೊದಲ ಸಲ ಬಂದದ್ದು. ಸೋನೋಗ್ರಫಿ ಮಾಡಿಸಿದೆವು. ಕಲ್ಲಿನ ವಿವರದ ಕೆಳಗೆ ಒಂದು ಸಾಲು ಇತ್ತು, ಯಕೃತ್ತಿನಲ್ಲಿ ಕೊಬ್ಬು ಎಂದು. ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ 96, ಎಸ್‌ಜಿಪಿಟಿ 44. ಈ ಎರಡು ಅಂಕಿಗಳನ್ನು ಸ್ವಲ್ಪ ಗಮನಿಸಿ. ಯಕೃತ್ತಿನ ಕಣ ಒಡೆದಾಗ ರಕ್ತಕ್ಕೆ ಸೋರುವ ವಸ್ತುಗಳಿವು. ಬೇರೆ ಹಲವು ಯಕೃತ್ತಿನ ಬೇನೆಗಳಲ್ಲಿ ಎರಡನೆಯ ಅಂಕಿ ದೊಡ್ಡದಿರುತ್ತದೆ. ಕುಡಿತದಲ್ಲಿ ಮೊದಲನೆಯದು ಎರಡನೆಯದರ ಇಮ್ಮಡಿ ಆಗುವುದುಂಟು. ರೋಗಿ ಬಾಯಿ ಬಿಡದಿದ್ದರೂ ಇದು ಬಾಯಿ ಬಿಡುತ್ತದೆ.

"ಕುಡೀತೀಯೇನಪಾ?" ಎಂದು ಕೇಳಿದೆ. "ಸ್ವಲ್ಪ ರೀ ಸಾಹೇಬ್ರ. ನನಗೇನೂ ತ್ರಾಸ ಇಲ್ರಿ" ಎಂದರು. ಅದು ನಿಜವೇ. ಕೊಬ್ಬಿನ ಯಕೃತ್ತು ನೋಯುವುದಿಲ್ಲ. ಹೆಚ್ಚೆಂದರೆ ಬಲಪಕ್ಕೆಯಲ್ಲಿ ಸ್ವಲ್ಪ ಭಾರ, ಸ್ವಲ್ಪ ದಣಿವು. ನಾನು ಹೇಳಿದ್ದು ಇಷ್ಟು: "ಸ್ವಲ್ಪ ಕಡಿಮಿ ಮಾಡು." ಒಂದು ಟಾನಿಕ್ ಬರೆದುಕೊಟ್ಟೆ. ಸರದಿಯಲ್ಲಿ ಇನ್ನೂ ಮೂವತ್ತು ಜನರಿದ್ದರು, ಅವರನ್ನು ಕಳಿಸಿಬಿಟ್ಟೆ.

ಬಂಧುಗಳೇ, ಆ ದಿನ ನಾನು ಮಾಡಿದ ತಪ್ಪನ್ನು ಹೇಳಲೆಂದೇ ಈ ಭಾಷಣವನ್ನು ಒಪ್ಪಿಕೊಂಡಿದ್ದೇನೆ. ಇಡೀ ಬೇನೆಯಲ್ಲಿ ಸಂಪೂರ್ಣವಾಗಿ ಹಿಂದಿರುಗಬಹುದಾದ ಹಂತ ಇದೊಂದೇ. ಈ ಹಂತದಲ್ಲಿ ಕುಡಿತವನ್ನು ಪೂರ್ತಿ ಬಿಟ್ಟರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಆ ಕೊಬ್ಬು ಕರಗಿಹೋಗುತ್ತದೆ, ಯಕೃತ್ತು ಮೊದಲಿನಂತಾಗುತ್ತದೆ. ಇದಕ್ಕೆ ಔಷಧ ಬೇಕಿಲ್ಲ. ಹಾಗೆಯೇ, ಕುಡಿಯುತ್ತಲೇ ಟಾನಿಕ್ ತೆಗೆದುಕೊಂಡರೆ ಏನೂ ಆಗುವುದಿಲ್ಲ. ನನ್ನ ಟಾನಿಕ್ ಸೀಸೆ ಅವರಿಗೆ ಬೇರೆಯೇ ಅರ್ಥ ಕೊಟ್ಟಿತು. "ಲಿವರಿನ ಔಷಧ ನಡದದ, ಇನ್ನೇನ ಅಂಜಿಕಿ" ಎಂದು ಅವರು ಗೆಳೆಯರಿಗೆ ಹೇಳುತ್ತಿದ್ದರಂತೆ. ನಿಮ್ಮಲ್ಲಿ ಯಾರ ಸೋನೋಗ್ರಫಿಯ ಕಾಗದದಲ್ಲಾದರೂ ಅಂಥ ಸಾಲು ಇದ್ದರೆ, ನೀವು ಕುಡಿಯುವವರಾಗಿದ್ದರೆ, ಅದನ್ನು ಮಡಚಿ ಇಡಬೇಡಿ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. "ನಮ್ಮ ಅಜ್ಜ ಎಂಬತ್ತು ವರ್ಷದವರೆಗೆ ಕುಡಿದರು, ಅವರಿಗೇನೂ ಆಗಲಿಲ್ಲವಲ್ಲ?" ಆಗದೆ ಇರಬಹುದು. ಬಹಳ ಕುಡಿಯುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಕೊಬ್ಬು ಬರುತ್ತದೆ, ಆದರೆ ವರ್ಷಗಟ್ಟಲೆ ಕುಡಿದ ಮೇಲೆ ಕಡೆಯ ಹಂತಕ್ಕೆ ತಲುಪುವವರು ನೂರಕ್ಕೆ ಹತ್ತರಿಂದ ಇಪ್ಪತ್ತು ಜನ. ಆ ಇಪ್ಪತ್ತರಲ್ಲಿ ನೀವಿದ್ದೀರೋ ಇಲ್ಲವೋ ಎಂದು ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಅಪಾಯ ಹೆಚ್ಚಿಸುವ ಸಂಗತಿಗಳು ಮಾತ್ರ ಗೊತ್ತು. ಸಕ್ಕರೆ ಕಾಯಿಲೆ, ಬೊಜ್ಜು, ಬೀಡಿ ಸಿಗರೇಟು, ಹೆಪಟೈಟಿಸ್ ಬಿ ಅಥವಾ ಸಿ ಸೋಂಕು ಇದ್ದವರಿಗೆ ಬೇನೆ ಬೇಗ ಏರುತ್ತದೆ. ಹೆಣ್ಣುಮಕ್ಕಳಿಗೆ ಕಡಿಮೆ ಪ್ರಮಾಣದಲ್ಲೇ, ಕಡಿಮೆ ವರ್ಷಗಳಲ್ಲೇ ಏರುತ್ತದೆ.

ನೇಕಾರಣ್ಣನ ವಿಷಯಕ್ಕೆ ಬರೋಣ. ನಲವತ್ತೊಂದನೆಯ ವಯಸ್ಸಿನಲ್ಲಿ ಅವರ ಕಣ್ಣು ಹಳದಿಯಾದವು. ಜ್ವರ, ವಾಕರಿಕೆ, ಅನ್ನ ಕಂಡರೆ ಬೇಸರ. ಮನೆಯವರು ಕಾಮಣಿ ಎಂದರು. ಊರ ಕಡೆ ಕರೆದೊಯ್ದು ಎಲೆಯ ರಸ ಕುಡಿಸಿದರು, ತೋಳಿಗೆ ಬರೆ ಹಾಕಿಸಿದರು. ಉಪ್ಪಿಲ್ಲ, ಎಣ್ಣೆಯಿಲ್ಲ, ಬೇಳೆಯಿಲ್ಲ, ಬರೀ ಗಂಜಿ. ಮೂರು ವಾರ ಕಳೆದು ನನ್ನ ಬಳಿ ಬಂದಾಗ ಕಣ್ಣು ಇನ್ನೂ ಹಳದಿಯಾಗಿದ್ದವು, ತೋಳು ತೊಡೆಗಳ ಮಾಂಸ ಇಳಿದುಹೋಗಿತ್ತು.

ನೀರಿನಿಂದ ಬರುವ ಕಾಮಾಲೆ ಬಹಳ ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಯಶಸ್ಸು ಎಲೆಯ ರಸಕ್ಕೆ ಸಲ್ಲುತ್ತದೆ. ಆದರೆ ಇದು ಆ ಕಾಮಾಲೆಯಲ್ಲ. ವರ್ಷಗಟ್ಟಲೆ ಸುಟ್ಟುಕೊಂಡ ಯಕೃತ್ತು ಒಮ್ಮೆಲೇ ಉರಿಯೂತಕ್ಕೆ ಸಿಕ್ಕಿದ ಸ್ಥಿತಿ. ಇದಕ್ಕೆ ಮದ್ಯದ ಹೆಪಟೈಟಿಸ್ ಎನ್ನುತ್ತೇವೆ. ತೀವ್ರವಾದರೆ ತಿಂಗಳೊಳಗೆ ಪ್ರಾಣ ತೆಗೆಯಬಲ್ಲದು. ಇಲ್ಲಿ ಉಪವಾಸ ಹಾಕುವುದು ಬೆಂಕಿಗೆ ಎಣ್ಣೆ ಹಾಕಿದಂತೆ. ಅಂಥ ರೋಗಿಗೆ ಬೇಳೆ, ಮೊಟ್ಟೆ, ಹಾಲು, ಮೊಸರು ಬೇಕೇ ಬೇಕು. ನೇಕಾರಣ್ಣ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು. ಬದುಕಿ ಮನೆಗೆ ಹೋದರು. ಏಳು ತಿಂಗಳು ಕುಡಿಯಲಿಲ್ಲ. ಆಮೇಲೆ ಒಂದು ಮದುವೆಯಲ್ಲಿ ಮತ್ತೆ ಆರಂಭವಾಯಿತು.

ಎಲ್ಲರಿಗೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆಗುತ್ತದೆ ಎಂದು ತಿಳಿಯಬೇಡಿ. ಹಲವರಿಗೆ ಕಾಮಾಲೆ ಬರುವುದೇ ಇಲ್ಲ. ಕೊಬ್ಬಿನಿಂದ ನೇರವಾಗಿ, ಸದ್ದಿಲ್ಲದೆ ಕೊನೆಯ ಹಂತಕ್ಕೆ ಹೋಗುತ್ತಾರೆ.

ಆ ಕೊನೆಯ ಹಂತಕ್ಕೆ ಸಿರೋಸಿಸ್ ಎಂದು ಹೆಸರು. 1819ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಈ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಕಂದುಹಳದಿ ಬಣ್ಣ ಎಂದು ಅದರ ಅರ್ಥ, ಏಕೆಂದರೆ ಕೊಯ್ದು ನೋಡಿದ ಯಕೃತ್ತು ಆ ಬಣ್ಣಕ್ಕೆ ತಿರುಗಿತ್ತು. ಕೈಗೆ ಗಾಯವಾದರೆ ಮಾಯ್ದ ಮೇಲೆ ಕಲೆ ಉಳಿಯುತ್ತದೆಯಲ್ಲವೆ? ಕಲೆಯ ಚರ್ಮ ಬಿರುಸು. ದಿನಾ ಗಾಯವಾಗುವ ಯಕೃತ್ತಿನಲ್ಲೂ ಅಂಥ ಕಲೆ ನಾರುನಾರಾಗಿ ಬೆಳೆಯುತ್ತದೆ. ನಾರುಗಳ ನಡುವೆ ಉಳಿದ ಒಳ್ಳೆಯ ಕಣಗಳು ಗಂಟುಗಂಟಾಗಿ ಉಬ್ಬುತ್ತವೆ. ಮಟನ್ ಅಂಗಡಿಯ ಆ ನುಣುಪಾದ ಕಲೇಜಿಯನ್ನು ನೆನಪಿಸಿಕೊಳ್ಳಿ. ಈಗ ಅದು ಹಾಗಲಕಾಯಿಯಂತೆ ಗಂಟುಗಂಟು, ಮುಟ್ಟಿದರೆ ಗಟ್ಟಿ.

ಗಟ್ಟಿಯಾದರೆ ಏನು ಕೆಟ್ಟಿತು? ಕರುಳಿನ ರಕ್ತವೆಲ್ಲ ಯಕೃತ್ತಿನ ಮೂಲಕವೇ ಹಾದು ಹೃದಯಕ್ಕೆ ಹೋಗಬೇಕು. ಮೆತ್ತಗಿದ್ದಾಗ ಸುಲಭವಾಗಿ ಹಾಯುತ್ತಿತ್ತು. ಈಗ ಕಾಲುವೆಗೆ ಒಡ್ಡು ಹಾಕಿದಂತಾಯಿತು. ಹಿಂದೆ ನಿಂತ ರಕ್ತ ಬೇರೆ ದಾರಿ ಹುಡುಕುತ್ತದೆ. ಅನ್ನನಾಳದ ಕೆಳತುದಿಯ ಸಣ್ಣ ಸಣ್ಣ ರಕ್ತನಾಳಗಳಲ್ಲಿ ನುಗ್ಗಿ ಅವನ್ನು ಉಬ್ಬಿಸುತ್ತದೆ. ಹಿಂದೆ ನಿಂತ ಒತ್ತಡದಿಂದಲೇ ಹೊಟ್ಟೆಯೊಳಗೆ ನೀರು ಸೋರಿ ತುಂಬುತ್ತದೆ. ಗುಲ್ಮ ಉಬ್ಬಿ ರಕ್ತದ ಪ್ಲೇಟ್‌ಲೆಟ್ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಕುಡಿಯುವವರ ಪ್ಲೇಟ್‌ಲೆಟ್ ಎಣಿಕೆ ಒಂದೂವರೆ ಲಕ್ಷಕ್ಕಿಂತ ಕೆಳಗೆ ಇಳಿದು ಹಾಗೆಯೇ ಉಳಿದರೆ ನಾವು ಯಕೃತ್ತಿನ ಕಡೆ ನೋಡುತ್ತೇವೆ. ಎಸ್‌ಜಿಒಟಿ, ಎಸ್‌ಜಿಪಿಟಿ ಮಾತ್ರ ನೋಡಿದರೆ ಮೋಸಹೋಗುತ್ತೇವೆ. ಸಿರೋಸಿಸ್ ಆದ ಮೇಲೆ ಅವು ಸರಿಯಾಗಿಯೇ ಕಾಣಬಹುದು. ಈಗ ಯಕೃತ್ತು ಎಷ್ಟು ಬಿರುಸಾಗಿದೆ ಎಂದು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಎಂಬ ಯಂತ್ರ ದೊಡ್ಡ ಊರುಗಳಲ್ಲಿದೆ. ಅದರಲ್ಲಿ ಸೂಜಿ ಇಲ್ಲ, ನೋವಿಲ್ಲ.

ನಲವತ್ತನಾಲ್ಕರಲ್ಲಿ ನೇಕಾರಣ್ಣನ ಕಾಲು ಬಾತವು. ಪೈಜಾಮದ ಲಾಡಿ ಸಾಲದಾಯಿತು, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಕೊಡ. "ಅನ್ನ ತಿಂದು ಹೊಟ್ಟಿ ಬಂದದ" ಎಂದು ಗೆಳೆಯರು ನಕ್ಕರು. ಅದು ನೀರು. ಅವರ ಹೆಂಡತಿ ಇನ್ನೊಂದು ಸಂಗತಿ ಹೇಳಿದರು. "ಕೆಲಸ ಬಿಟ್ಟು ಎರಡ ತಿಂಗಳಾತ್ರಿ. ಆದ್ರೂ ಹಗಲೆಲ್ಲಾ ಮಲಗತಾರ, ರಾತ್ರಿ ಎದ್ದು ಕೂಡತಾರ. ರಾತ್ರಿ ಪಾಳಿ ರೂಢಿ ಹೋಗಿಲ್ಲ ಅಂದ್ಕೊಂಡೆ." ಅದು ರೂಢಿಯಲ್ಲ. ಯಕೃತ್ತು ಸೋಸದೆ ಬಿಟ್ಟ ಕರುಳಿನ ವಿಷ ಮಿದುಳಿಗೆ ಏರತೊಡಗಿದಾಗ ಮೊದಲು ಕಾಣುವ ಗುರುತುಗಳಲ್ಲಿ ಹಗಲು ರಾತ್ರಿ ಅದಲುಬದಲಾಗುವುದೂ ಒಂದು. ಮುಂದೆ ಮಾತು ತಪ್ಪುತ್ತದೆ, ಚಾಚಿದ ಕೈಗಳು ಹಕ್ಕಿ ರೆಕ್ಕೆ ಬಡಿದಂತೆ ಅಲುಗುತ್ತವೆ, ಕೊನೆಗೆ ಎಚ್ಚರ ತಪ್ಪುತ್ತದೆ. ಮಲಬದ್ಧತೆಯಾದರೆ ಇದು ಹೆಚ್ಚುತ್ತದೆ. ಅದಕ್ಕೇ ಇಂಥವರಿಗೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗುವಂತೆ ಸಿರಪ್ ಕೊಡುತ್ತೇವೆ.

ಆ ವಾರವೇ ಒಂದು ರಾತ್ರಿ ಅವರು ರಕ್ತ ವಾಂತಿ ಮಾಡಿಕೊಂಡರು. ಉಬ್ಬಿದ ನಾಳ ಒಡೆದಿತ್ತು. ಹೆಂಡತಿ ಬೆಳಗಾಗಲಿ ಎಂದು ಕಾಯಲಿಲ್ಲ, ಪಕ್ಕದ ಮನೆಯ ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ದುರ್ಬೀನು ಇಳಿಸಿ, ಒಡೆದ ನಾಳಕ್ಕೆ ರಬ್ಬರ್ ಉಂಗುರ ಬಿಗಿದು ರಕ್ತ ನಿಲ್ಲಿಸಿದರು. ಇದನ್ನು ನೆನಪಿಡಿ: ಕುಡಿಯುವವರು ರಕ್ತ ವಾಂತಿ ಮಾಡಿದರೆ, ಅಥವಾ ಮಲ ಡಾಂಬರಿನಂತೆ ಕಪ್ಪಗೆ, ಅಂಟಾಗಿ ಹೋದರೆ, ಅದು ಪಿತ್ತವಲ್ಲ, ಉಷ್ಣವಲ್ಲ. ಆ ಗಳಿಗೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ನನ್ನನ್ನು ಕೇಳಿದರು. "ಸಾಹೇಬ್ರ, ಈಗ ಬಿಟ್ರ ಏನ ಉಪಯೋಗ? ಎಲ್ಲಾ ಮುಗದದಲ್ಲ?" ಈ ಸಲ ನಾನು ಕುರ್ಚಿ ಎಳೆದುಕೊಂಡು ಕುಳಿತೆ. ಕಲೆ ಪೂರ್ತಿ ಅಳಿಯುವುದಿಲ್ಲ, ನಿಜ. ಆದರೆ ದಿನಾ ಆಗುವ ಹೊಸ ಗಾಯ ನಿಲ್ಲುತ್ತದೆ. ಗಾಯ ನಿಂತರೆ ಒತ್ತಡ ಇಳಿಯುತ್ತದೆ, ಉಳಿದ ಒಳ್ಳೆಯ ಕಣಗಳು ಹೊಣೆ ಹೊರುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿದ ಮೇಲೂ ಕುಡಿತ ಬಿಟ್ಟು, ತಿಂಗಳುಗಳ ನಂತರ ನೀರು ನಿಂತುಹೋದವರನ್ನು ನಾನು ನೋಡಿದ್ದೇನೆ. "ಕಡಿಮಿ ಮಾಡು" ಎಂದು ಈ ಸಲ ಹೇಳಲಿಲ್ಲ. "ಒಂದು ಹನಿಯೂ ಬ್ಯಾಡ" ಎಂದೆ.

ಆದರೆ ಬಿಡುವುದಕ್ಕೂ ಒಂದು ಕ್ರಮವಿದೆ. ಇದನ್ನು ಮನೆಯವರು ಕಿವಿಗೊಟ್ಟು ಕೇಳಬೇಕು. ವರ್ಷಗಟ್ಟಲೆ ದಿನಾ ಕುಡಿದವರು ಹಟದಿಂದ ಒಂದು ದಿನ ತಟ್ಟನೆ ನಿಲ್ಲಿಸಿದರೆ, ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವ, ಗಾಬರಿಯಿಂದ ಓಡುವ ಸನ್ನಿ ಬರಬಹುದು. ಮನೆಯವರು ಇದನ್ನು ಗಾಳಿ ಸೋಕಿತೆಂದು ತಿಳಿದು ಕಟ್ಟಿಹಾಕುತ್ತಾರೆ, ದೇವರಿಗೆ ಒಯ್ಯುತ್ತಾರೆ. ಇದರಿಂದ ಸಾವು ಸಂಭವಿಸಬಹುದು. ಅದಕ್ಕೇ ಮೊದಲ ವಾರ ವೈದ್ಯರ ಕಣ್ಣೆದುರು ಕಳೆಯಬೇಕು. ನಡುಕ ತಡೆಯುವ ಔಷಧ, ಥಯಾಮಿನ್ ಎಂಬ ಬಿ ಜೀವಸತ್ವದ ಇಂಜೆಕ್ಷನ್ ಅವರೇ ಕೊಡುತ್ತಾರೆ. ಇನ್ನೊಂದು ಎಚ್ಚರಿಕೆ. "ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ" ಎಂದು ಮಾರುವ ಪುಡಿಗಳನ್ನು ತರಬೇಡಿ. ಅದರಲ್ಲಿ ಏನಿದೆಯೋ ಯಾರಿಗೂ ತಿಳಿಯದು. ಕುಡಿತ ಬಿಡಿಸಲು ಬಳಸುವ ಒಂದು ಹಳೆಯ ಗುಳಿಗೆಯೇ ಅದರಲ್ಲಿದ್ದರೆ, ಮೇಲೆ ಕುಡಿದಾಗ ರಕ್ತದೊತ್ತಡ ಕುಸಿದು ಜೀವ ಹೋಗಬಹುದು, ಯಕೃತ್ತಿಗೂ ಅದು ಕೇಡು.

ನೇಕಾರಣ್ಣನ ಮನೆಯಲ್ಲಿ ಊಟದ ಪದ್ಧತಿ ಬದಲಾಯಿತು. ಹೊಟ್ಟೆಯಲ್ಲಿ ನೀರಿದ್ದುದರಿಂದ ಇಡೀ ದಿನಕ್ಕೆ ಒಂದು ಸಣ್ಣ ಚಮಚ ಉಪ್ಪು, ಹಪ್ಪಳ ಉಪ್ಪಿನಕಾಯಿ ಬಂದ್. ಬೇಳೆ, ಮೊಟ್ಟೆ ಮತ್ತೆ ಬಂದವು. ರಾತ್ರಿ ಮಲಗುವ ಮುಂಚೆ ಒಂದು ಜೋಳದ ರೊಟ್ಟಿ, ಒಂದು ಲೋಟ ಹಾಲು. ಈ ಕೊನೆಯದು ಯಾಕೆಂದರೆ, ಒಳ್ಳೆಯ ಯಕೃತ್ತು ರಾತ್ರಿಗಾಗಿ ಸಕ್ಕರೆ ಕೂಡಿಟ್ಟಿರುತ್ತದೆ, ಕೆಟ್ಟ ಯಕೃತ್ತಿನ ಕಣಜ ಬರಿದು. ಅದು ರಾತ್ರಿಯಿಡೀ ಮೈಯ ಮಾಂಸವನ್ನೇ ಕರಗಿಸಿ ತಿನ್ನುತ್ತದೆ. ಮೈಕೈ ನೋವಿಗೆ ಅಂಗಡಿಯ ಗುಳಿಗೆ ನುಂಗುವುದನ್ನೂ ನಿಲ್ಲಿಸಿದೆವು. ಅವು ರಕ್ತಸ್ರಾವ ತರುತ್ತವೆ, ಮೂತ್ರಪಿಂಡ ಕೆಡಿಸುತ್ತವೆ.

ಈಗ ಅವರಿಗೆ ನಲವತ್ತೊಂಬತ್ತು. ಐದು ವರ್ಷದಿಂದ ಕುಡಿದಿಲ್ಲ. ಹೊಟ್ಟೆಯ ನೀರು ಒಂಬತ್ತು ತಿಂಗಳಿಗೆ ನಿಂತಿತು. ಮಗ್ಗದ ಮುಂದೆ ನಿಲ್ಲುವ ಶಕ್ತಿ ಬರಲಿಲ್ಲ, ಟವೆಲ್ ಎಣಿಸಿ ಕಟ್ಟುವ ಕೆಲಸ ಮಾಡುತ್ತಾರೆ. ಆರು ತಿಂಗಳಿಗೊಮ್ಮೆ ಸೋನೋಗ್ರಫಿಗೆ ಬರಲೇಬೇಕು. ಕಲೆಗಟ್ಟಿದ ಯಕೃತ್ತಿನಲ್ಲಿ ಕ್ಯಾನ್ಸರ್ ಹುಟ್ಟುವ ಭಯ ಕುಡಿತ ಬಿಟ್ಟರೂ ಉಳಿದಿರುತ್ತದೆ. ಕಳೆದ ಸಲ ಬಂದಾಗ ತಮ್ಮ ಜೊತೆ ಮೂವತ್ತು ವರ್ಷದ ಒಬ್ಬ ಹುಡುಗನನ್ನು ಕರೆತಂದಿದ್ದರು. ಅದೇ ಕಾರಖಾನೆಯವನು, ದಿನಾ ಒಂದು ಕ್ವಾರ್ಟರ್. ಅವನ ಕೈಯಲ್ಲಿ ಸೋನೋಗ್ರಫಿಯ ಕಾಗದ, ಅದರಲ್ಲಿ ಅದೇ ಒಂದು ಸಾಲು.

"ಸಾಹೇಬ್ರ, ಇವಗ ಟಾನಿಕ್ ಬರದ ಕೊಡಬ್ಯಾಡ್ರಿ, ಖರೇ ಹೇಳ್ರಿ" ಎಂದರು ನೇಕಾರಣ್ಣ.

ಹೇಳಿದೆ. ಅವನಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳಿದ್ದೇನೆ.